ಚಹಾ ಪ್ಯಾಕೆಟ್ಟಿನ ಮೇಲೆ ಬೆಳೆದ ದೇಶ ಯಾವುದು, ತುಂಬಿದ ದೇಶ ಯಾವುದು?

ಪ್ರಶ್ನೆ: ದುಬೈಯಲ್ಲಿರುವ ನನ್ನ ಅಣ್ಣ ರಜೆಗೆ ಬಂದಾಗ ಎರಡು ಬಗೆಯ ಚಹಾ ತಂದಿದ್ದಾರೆ. ಎರಡರಲ್ಲೂ ‘ಪ್ಯೂರ್ ಸಿಲೋನ್ ಟೀ’ ಎಂದಿದೆ, ಎರಡರಲ್ಲೂ ಸಿಂಹದ ಚಿತ್ರ ಇದೆ. ಒಂದರ ಹಿಂದೆ ‘ಪ್ಯಾಕ್ಡ್ ಇನ್ ಯುಎಇ’, ಲಾಟ್ ಎಲ್5127ಬಿ, ತಯಾರಿಯ ದಿನಾಂಕ 07/05/2025 ಎಂದಿದೆ. ಇನ್ನೊಂದು ಶ್ರೀಲಂಕಾದಲ್ಲೇ ಪ್ಯಾಕ್ ಆದದ್ದು. ಜರ್ಮನಿಯಲ್ಲಿ ಓದುತ್ತಿರುವ ಮಗಳು ಕಳಿಸಿದ ಮೂರನೆಯದರಲ್ಲಿ ದಾರ್ಜಿಲಿಂಗ್ ಎಂದು ಬರೆದಿದ್ದರೂ ವಿಳಾಸ ಹ್ಯಾಂಬರ್ಗಿನದು. ಈ ಚಹಾಗಳು ನಿಜವಾಗಿ ಬೆಳೆದದ್ದು ಎಲ್ಲಿ? ಲಾಟ್ ನಂಬರ್ ಅಥವಾ ಬಾರ್‌ಕೋಡ್ ನೋಡಿ ಹೇಳಲು ಬರುತ್ತದೆಯೇ? — ಒಬ್ಬ ಓದುಗರು, ಕುಂದಾಪುರ

ಉತ್ತರ: ಕೊಯ್ದ ಚಹಾ ಎಲೆಯನ್ನು ಹೆಚ್ಚು ದೂರ ಸಾಗಿಸಲು ಬರುವುದಿಲ್ಲ. ಬಾಡಿಸುವುದು, ಹೊಸೆಯುವುದು ಅಥವಾ ಕತ್ತರಿಸುವುದು, ಹುಳಿಯಲು ಬಿಡುವುದು, ಒಣಗಿಸುವುದು ಎಲ್ಲವೂ ತೋಟದ ಪಕ್ಕದ ಕಾರ್ಖಾನೆಯಲ್ಲಿ ಒಂದೆರಡು ದಿನಗಳೊಳಗೆ ಮುಗಿಯಬೇಕು. ಆದ್ದರಿಂದ ಎಲೆ ಬೆಳೆದ ಊರೂ ಚಹಾ ತಯಾರಾದ ಊರೂ ಸಾಮಾನ್ಯವಾಗಿ ಒಂದೇ ಆಗಿರುತ್ತವೆ. ಒಣಗಿದ ಚಹಾ ದೊಡ್ಡ ಕಾಗದದ ಚೀಲಗಳಿಗೆ ಸೇರಿದ ಮೇಲೆ ಮಾತ್ರ ಅದು ಹಡಗು ಹತ್ತಿ ಎಲ್ಲಿಗೆ ಬೇಕಾದರೂ ಹೋಗಬಹುದು. ಅಲ್ಲಿ ಬೇರೆ ದೇಶಗಳ ಚಹಾದೊಂದಿಗೆ ಬೆರೆಯಬಹುದು, ಇನ್ನೂರು ಗ್ರಾಮಿನ ಡಬ್ಬಿಗೋ ಟೀ ಬ್ಯಾಗಿಗೋ ಇಳಿಯಬಹುದು. ಒಂದು ಚಹಾ ಗಿಡವೂ ಇಲ್ಲದ ದುಬೈ ಮತ್ತು ಹ್ಯಾಂಬರ್ಗ್ ಚಹಾ ವ್ಯಾಪಾರದ ದೊಡ್ಡ ಕೇಂದ್ರಗಳಾಗಿರುವುದು ಈ ಎರಡನೆಯ ಹಂತದಿಂದ. ತಮ್ಮ ಕೈಯಲ್ಲಿರುವ ಪ್ಯಾಕೆಟ್ಟಿನ ಮೇಲಿನ ಗುರುತುಗಳಲ್ಲಿ ಕೆಲವನ್ನು ಬೆಳೆಯುವ ದೇಶದ ಸಂಸ್ಥೆ ಕೊಟ್ಟಿರುತ್ತದೆ, ಹೆಚ್ಚಿನವನ್ನು ತುಂಬಿದವನೇ ಹಾಕಿರುತ್ತಾನೆ. ಹಾಗಾಗಿ ಪ್ರತಿಯೊಂದು ಗುರುತಿನ ವಿಷಯದಲ್ಲೂ ಅದನ್ನು ಕೊಟ್ಟವರು ಯಾರು, ಅದು ಬೆಳೆದ ಜಾಗದ ಬಗ್ಗೆ ಮಾತಾಡುತ್ತದೆಯೋ ತುಂಬಿದ ಜಾಗದ ಬಗ್ಗೆಯೋ ಎಂದು ಮೊದಲು ವಿಚಾರಿಸಬೇಕಾಗುತ್ತದೆ.

ಸಿಂಹದಿಂದಲೇ ಆರಂಭಿಸೋಣ. ಶ್ರೀಲಂಕಾ ಚಹಾ ಮಂಡಳಿಯ ಹೆಸರಿನಲ್ಲಿ ನೋಂದಣಿಯಾಗಿರುವ ಸಿಂಹದ ಲಾಂಛನದಲ್ಲಿ, ಆ ದೇಶದ ಧ್ವಜದಲ್ಲಿರುವಂತೆ, ಮುಂಗಾಲಿನಲ್ಲಿ ಕತ್ತಿ ಎತ್ತಿ ಹಿಡಿದ ಸಿಂಹವಿದೆ. ಅದರ ಜೊತೆಗೆ ‘ಸಿಲೋನ್ ಟೀ’ ಮತ್ತು ‘ಸಿಂಬಲ್ ಆಫ್ ಕ್ವಾಲಿಟಿ’ ಎಂಬ ಇಂಗ್ಲಿಷ್ ಮಾತುಗಳಿವೆ. (1972ರಲ್ಲಿ ದೇಶದ ಹೆಸರು ಬದಲಾದರೂ ಚಹಾ ಮಾತ್ರ ಮಾರುಕಟ್ಟೆಯಲ್ಲಿ ಹಳೆಯ ಹೆಸರಿನಲ್ಲೇ ಉಳಿದಿದೆ.) ಈ ಲಾಂಛನವನ್ನು ಹಾಕಿಕೊಳ್ಳಲು ಮಂಡಳಿಯ ಅನುಮತಿ ಬೇಕು, ಮತ್ತು ಅನುಮತಿಯ ಷರತ್ತುಗಳಲ್ಲಿ ತಮಗೆ ಮುಖ್ಯವಾದವು ಎರಡು. ಒಳಗಿನ ಚಹಾ ನೂರಕ್ಕೆ ನೂರು ಶ್ರೀಲಂಕಾದಲ್ಲಿ ಬೆಳೆದದ್ದಾಗಿರಬೇಕು. ಜೊತೆಗೆ, ಗ್ರಾಹಕರ ಕೈಗೆ ಬರುವ ಆ ಸಣ್ಣ ಪ್ಯಾಕೆಟ್ಟನ್ನು ಶ್ರೀಲಂಕಾದ ನೆಲದಲ್ಲೇ ತುಂಬಿರಬೇಕು. ಮಂಡಳಿ ಗೊತ್ತುಪಡಿಸಿದ ಗುಣಮಟ್ಟದ ಷರತ್ತು ಇವುಗಳ ಮೇಲೆ ಬರುತ್ತದೆ. ಚೀಲಗಟ್ಟಲೆ ರಫ್ತಾಗುವ ಚಹಾಕ್ಕೆ ಈ ಲಾಂಛನ ಸಿಗುವುದಿಲ್ಲ. ಹೊರದೇಶದಲ್ಲಿ ತುಂಬಿದರೆ, ಒಳಗಿರುವುದು ಅಪ್ಪಟ ಸಿಲೋನ್ ಚಹಾವೇ ಆಗಿದ್ದರೂ, ಸಿಗುವುದಿಲ್ಲ. ಚಹಾ ಲೋಕದ ಪ್ರಸಿದ್ಧ ಲಾಂಛನಗಳಲ್ಲಿ ಬೆಳೆದ ದೇಶ, ತುಂಬಿದ ದೇಶ ಎಂಬ ಎರಡು ಪ್ರಶ್ನೆಗಳಿಗೂ ಒಟ್ಟಿಗೆ ಉತ್ತರ ಹೇಳುವುದು ಇದರ ವಿಶೇಷ. ಹೀಗೆ ಮಾಡಿರುವುದರ ಹಿಂದೆ ವ್ಯಾಪಾರದ ಲೆಕ್ಕವಿದೆ. ಚೀಲದಲ್ಲಿ ಮಾರಿದ ಕಿಲೋಗಿಂತ ಡಬ್ಬಿಯಲ್ಲಿ ಮಾರಿದ ಕಿಲೋಗೆ ಬೆಲೆ ಹೆಚ್ಚು, ಆ ಹೆಚ್ಚುವರಿ ಬೆಲೆ ತನ್ನ ದೇಶದೊಳಗೇ ಉಳಿಯಬೇಕೆಂಬುದು ಮಂಡಳಿಯ ಉದ್ದೇಶ.

ಇದರಿಂದ ತಮ್ಮ ಎರಡನೆಯ ಪ್ಯಾಕೆಟ್ಟಿನ ವಿಷಯ ಸುಲಭವಾಗುತ್ತದೆ. ಶ್ರೀಲಂಕಾದಲ್ಲಿ ಪ್ಯಾಕ್ ಆಗಿದ್ದು, ಕತ್ತಿ ಹಿಡಿದ ಸಿಂಹವೂ ಆ ಮಾತುಗಳೂ ಅದರ ಮೇಲಿದ್ದರೆ, ಅದು ಅಲ್ಲೇ ಬೆಳೆದು ಅಲ್ಲೇ ತುಂಬಿದ ಚಹಾ. ಆದರೆ ಸಿಂಹದ ಲಾಂಛನ ಇಲ್ಲದೆ ಬರಿಯ ‘ಪ್ಯಾಕ್ಡ್ ಇನ್ ಶ್ರೀಲಂಕಾ’ ಎಂಬ ಸಾಲು ಮಾತ್ರ ಇದ್ದಿದ್ದರೆ ನಾನು ಇಷ್ಟು ಖಚಿತವಾಗಿ ಹೇಳುತ್ತಿರಲಿಲ್ಲ. ಬೆರಕೆ ಮಾಡಿ ಮತ್ತೆ ರಫ್ತು ಮಾಡುವ ಉದ್ದೇಶಕ್ಕಾಗಿ ಶ್ರೀಲಂಕಾ ಸಹ ನಿಯಂತ್ರಿತ ಪ್ರಮಾಣದಲ್ಲಿ ಹೊರದೇಶದ ಚಹಾವನ್ನು ಆಮದು ಮಾಡಿಕೊಳ್ಳುತ್ತದೆ, ಮತ್ತು ಆ ಬೆರಕೆಯ ಮೇಲೂ ಕೊಲಂಬೊ ವಿಳಾಸವೇ ಇರುತ್ತದೆ. ಚಹಾ ಬೆಳೆಯುವ ದೇಶದ ವಿಳಾಸ ಕಂಡೊಡನೆ ಚಹಾವೂ ಅಲ್ಲಿಯದೇ ಎಂದು ಮನಸ್ಸು ತೀರ್ಮಾನಿಸಿಬಿಡುವುದರಿಂದ, ದುಬೈ ವಿಳಾಸಕ್ಕಿಂತ ಇಂತಹ ವಿಳಾಸವೇ ಜನರನ್ನು ಹೆಚ್ಚು ತಪ್ಪುದಾರಿಗೆ ಎಳೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಯುಎಇಯ ಪ್ಯಾಕೆಟ್ಟಿನ ಮೇಲಿನ ಸಿಂಹವನ್ನು ಈಗ ಹತ್ತಿರದಿಂದ ನೋಡಿ. ಸಿಂಹವೆಂಬ ಪ್ರಾಣಿಯ ಚಿತ್ರವನ್ನು ಯಾರು ಬೇಕಾದರೂ ಬರೆಸಿಕೊಳ್ಳಬಹುದು. ಅದು ಕುಳಿತಿರಬಹುದು, ತಲೆಯ ಮೇಲೆ ಕಿರೀಟ ಇಟ್ಟುಕೊಂಡಿರಬಹುದು, ಎರಡು ಸಿಂಹಗಳು ನಡುವೆ ಗುರಾಣಿ ಹಿಡಿದು ಎದುರುಬದುರು ನಿಂತಿರಬಹುದು. ಇವೆಲ್ಲ ಆ ಬ್ರ್ಯಾಂಡಿನ ಅಲಂಕಾರ ಮಾತ್ರ. ಕತ್ತಿ ಇಲ್ಲದಿದ್ದರೆ, ಇದ್ದರೂ ಜೊತೆಯ ಮಾತುಗಳು ಇಲ್ಲದಿದ್ದರೆ, ಅದನ್ನು ಮಂಡಳಿಯ ಲಾಂಛನವೆಂದು ಎಣಿಸಬೇಡಿ. ಒಂದು ವೇಳೆ ಎಲ್ಲವೂ ಹೊಂದಿಕೆಯಾಗಿ, ಅದೇ ಲಾಂಛನ ಅಲ್ಲಿದ್ದು, ಹಿಂದೆ ‘ಪ್ಯಾಕ್ಡ್ ಇನ್ ಯುಎಇ’ ಎಂದೂ ಇದ್ದರೆ, ಆ ಎರಡು ಮಾತುಗಳು ಒಂದಕ್ಕೊಂದು ಕೂಡಿ ಬರುವುದಿಲ್ಲ. ತುಂಬಿದವನು ಲಾಂಛನವನ್ನು ಅನುಮತಿ ಇಲ್ಲದೆ ಬಳಸಿಕೊಂಡಿದ್ದಾನೆ ಎಂದೇ ಅದರ ಅರ್ಥ.

ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ವಿಳಾಸದ ಸಾಲನ್ನು ಇನ್ನೊಮ್ಮೆ ಓದಬೇಕು. ‘ಪ್ಯಾಕ್ಡ್ ಇನ್’ ಅಥವಾ ‘ಪ್ಯಾಕ್ಡ್ ಬೈ’ ಎಂದರೆ ತುಂಬಿದ ಜಾಗ, ತುಂಬಿದವರು. ‘ಪ್ಯಾಕ್ಡ್ ಫಾರ್’ ಎಂದರೆ ಯಾರ ಪರವಾಗಿ ತುಂಬಲಾಯಿತೋ ಅವರು, ‘ಡಿಸ್ಟ್ರಿಬ್ಯೂಟೆಡ್ ಬೈ’ ಎಂದರೆ ಹಂಚಿದವರು. ದುಬೈಯ ಒಂದು ಸೂಪರ್ ಮಾರ್ಕೆಟ್ ತನ್ನ ಸ್ವಂತ ಹೆಸರಿನ ಚಹಾವನ್ನು ಕೊಲಂಬೊದಲ್ಲಿ ತುಂಬಿಸಿ ತರಿಸಿದರೆ, ಸಿಂಹದ ಲಾಂಛನವೂ ದುಬೈ ವಿಳಾಸವೂ ಒಂದೇ ಪ್ಯಾಕೆಟ್ಟಿನಲ್ಲಿ ನ್ಯಾಯವಾಗಿಯೇ ಇರಬಹುದು. ತಾವು ಬರೆದಿರುವಂತೆ ಅಲ್ಲಿರುವುದು ‘ಪ್ಯಾಕ್ಡ್ ಇನ್ ಯುಎಇ’ ಆಗಿರುವುದರಿಂದ ಈ ವಿನಾಯಿತಿ ತಮ್ಮ ಪ್ಯಾಕೆಟ್ಟಿಗೆ ಅನ್ವಯಿಸುವುದಿಲ್ಲ.

ಹಾಗೆಂದು ಅದರೊಳಗಿನದು ಸಿಲೋನ್ ಚಹಾ ಅಲ್ಲ ಎಂದು ಹೇಳುವ ಹಾಗೂ ಇಲ್ಲ. ಜೆಬೆಲ್ ಅಲಿ ಬಂದರಿನ ಪಕ್ಕದ ಮುಕ್ತ ವಲಯದಲ್ಲಿ ಹಲವು ದೇಶಗಳ ಚಹಾವನ್ನು ಸಂಗ್ರಹಿಸಿ, ಬೆರೆಸಿ, ತುಂಬಿ, ಮತ್ತೆ ಹೊರಗೆ ಕಳಿಸುವ ವ್ಯವಸ್ಥೆ ಎರಡು ದಶಕಗಳಿಂದ ನಡೆದಿದೆ. ಅಲ್ಲಿಗೆ ಕೊಲಂಬೊ ಹರಾಜಿನ ಚಹಾ ಬರುತ್ತದೆ, ಮೊಂಬಾಸಾ ಹರಾಜಿನದು ಬರುತ್ತದೆ, ನಮ್ಮ ದೇಶದ್ದೂ ಬರುತ್ತದೆ. ಶ್ರೀಲಂಕಾದ ಚಹಾವನ್ನು ಚೀಲಗಳಲ್ಲಿ ತರಿಸಿ, ಬೇರೇನನ್ನೂ ಬೆರೆಸದೆ ಅಲ್ಲಿ ತುಂಬಿದವನು ‘ಪ್ಯೂರ್ ಸಿಲೋನ್ ಟೀ’ ಎಂದು ಬರೆದರೆ ಅದು ಸುಳ್ಳಲ್ಲ. ಆ ಮಾತಿಗೆ ಮಂಡಳಿಯ ಲಾಂಛನದ ಬೆಂಬಲ ಇಲ್ಲ, ತುಂಬಿದವನ ಮಾತಿನ ಬೆಲೆ ಮಾತ್ರ ಇದೆ, ಅಷ್ಟೇ. ಇಂತಹ ಪ್ಯಾಕೆಟ್ಟಿನಲ್ಲಿ ನೋಡಬೇಕಾದದ್ದು ಮುಂಭಾಗದ ದೊಡ್ಡಕ್ಷರಗಳನ್ನಲ್ಲ, ಹಿಂಭಾಗದ ಪದಾರ್ಥಗಳ ಸಾಲನ್ನು. ಅಲ್ಲಿ ‘ನೂರು ಶೇಕಡಾ ಸಿಲೋನ್ ಕಪ್ಪು ಚಹಾ’ ಎಂದಿದ್ದರೆ ಅದು ಬದ್ಧತೆಯ ಮಾತು. ಮುಂದೆ ‘ಸಿಲೋನ್’ ಎಂದು ದೊಡ್ಡದಾಗಿ ಇದ್ದು ಹಿಂದೆ ‘ಕಪ್ಪು ಚಹಾ’ ಅಥವಾ ‘ಬ್ಲೆಂಡ್ ಆಫ್ ಬ್ಲ್ಯಾಕ್ ಟೀಸ್’ ಎಂದು ಮಾತ್ರ ಇದ್ದರೆ, ಬರೆದವನು ತಪ್ಪಿಸಿಕೊಳ್ಳುವ ದಾರಿಯನ್ನು ಇಟ್ಟುಕೊಂಡಿದ್ದಾನೆ ಎಂದು ತಿಳಿಯಬಹುದು.

ಕೆಲವು ಪ್ಯಾಕೆಟ್ಟುಗಳಲ್ಲಿ ‘ಕಂಟ್ರಿ ಆಫ್ ಒರಿಜಿನ್: ಯುಎಇ’ ಅಥವಾ ‘ಪ್ರಾಡಕ್ಟ್ ಆಫ್ ಯುಎಇ’ ಎಂದೇ ಇರುತ್ತದೆ. ಮರುಭೂಮಿಯಲ್ಲಿ ಚಹಾ ಬೆಳೆಯಿತೇ ಎಂದು ನಗಬಹುದಾದರೂ ಇದಕ್ಕೆ ನಿಯಮದ ಆಸರೆ ಇದೆ. ಆಹಾರದ ಅಂತಾರಾಷ್ಟ್ರೀಯ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್‌ನ ಲೇಬಲ್ ನಿಯಮದಲ್ಲಿ, ಒಂದು ಆಹಾರವು ಎರಡನೆಯ ದೇಶದಲ್ಲಿ ತನ್ನ ಸ್ವರೂಪ ಬದಲಾಗುವಂತಹ ಸಂಸ್ಕರಣೆಗೆ ಒಳಪಟ್ಟರೆ, ಲೇಬಲ್‌ನ ಮಟ್ಟಿಗೆ ಆ ಎರಡನೆಯ ದೇಶವನ್ನೇ ಮೂಲದೇಶ ಎಂದು ಪರಿಗಣಿಸಬೇಕೆಂದು ಇದೆ. ನಮ್ಮ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮಾವಳಿಯಲ್ಲೂ ಇದೇ ಅರ್ಥದ ಮಾತಿದೆ. ಐದಾರು ದೇಶಗಳ ಚಹಾ ಬೆರೆಸುವುದರಿಂದ ಚಹಾದ ಸ್ವರೂಪ ಬದಲಾಗುತ್ತದೆಯೇ ಎಂಬುದು ವಾದಕ್ಕೆ ಎಡೆಯಿರುವ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಬೆರಕೆಯಿಂದ ರುಚಿ ಬದಲಾಗುತ್ತದೆಯೇ ಹೊರತು ಸ್ವರೂಪವಲ್ಲ. ಆದರೆ ತುಂಬುವವರು ತಮಗೆ ಅನುಕೂಲವಾದ ಅರ್ಥವನ್ನು ತೆಗೆದುಕೊಳ್ಳುವುದರಿಂದ, ಚಹಾ ಬೆಳೆಯದ ದೇಶದ ಹೆಸರು ಈ ಸಾಲಿನಲ್ಲಿ ಕಂಡಾಗ ಅದನ್ನು ತುಂಬಿದ ದೇಶವೆಂದೇ ಓದಿಕೊಳ್ಳಿ. ಚಹಾ ಬೆಳೆಯುವ ದೇಶದ ಹೆಸರಿದ್ದರೆ ಎರಡರಲ್ಲಿ ಯಾವುದನ್ನು ಹೇಳುತ್ತಿದ್ದಾರೆಂದು ಆ ಸಾಲೊಂದರಿಂದಲೇ ತಿಳಿಯುವುದಿಲ್ಲ.

ಇನ್ನು ಲಾಟ್ ಸಂಖ್ಯೆ. ತಾವು ಕೊಟ್ಟ ಎಲ್5127ಬಿ ಎಂಬುದನ್ನು ಬಿಡಿಸಿ ನೋಡೋಣ. ಮೊದಲಿನ ಎಲ್ ಎಂಬುದು ಇದು ಲಾಟ್ ಸಂಖ್ಯೆ ಎಂಬುದರ ಸೂಚನೆ ಮಾತ್ರ. ದಿನಾಂಕ ಮುಂತಾದ ಬೇರೆ ಅಂಕಿಗಳೊಂದಿಗೆ ಗೊಂದಲವಾಗದಿರಲೆಂದು ಐರೋಪ್ಯ ಒಕ್ಕೂಟದ ನಿಯಮ ಈ ಅಕ್ಷರವನ್ನು ಬಳಸುವಂತೆ ಹೇಳುತ್ತದೆ, ಉಳಿದ ದೇಶಗಳಲ್ಲೂ ಅನೇಕರು ಅದನ್ನೇ ಅನುಸರಿಸುತ್ತಾರೆ. ಮುಂದಿನ 5 ಎಂಬುದು ವರ್ಷದ ಕೊನೆಯ ಅಂಕಿಯಾಗಿ 2025ನ್ನು ಸೂಚಿಸುತ್ತದೆ ಎಂದಿಟ್ಟುಕೊಳ್ಳಿ. 127 ಎಂಬುದು ಆ ವರ್ಷದ 127ನೆಯ ದಿನವಾಗಿರಬಹುದೇ ಎಂದು ಲೆಕ್ಕ ಹಾಕಿ. ಜನವರಿಯ 31, ಫೆಬ್ರವರಿಯ 28, ಮಾರ್ಚಿಯ 31, ಏಪ್ರಿಲಿನ 30 ಸೇರಿದರೆ 120 ಆಗುತ್ತದೆ. ಉಳಿದ ಏಳು ದಿನ ಎಂದರೆ ಮೇ 7. ಪ್ಯಾಕೆಟ್ಟಿನ ಮೇಲಿರುವ ತಯಾರಿಯ ದಿನಾಂಕವೂ 07/05/2025. ಎರಡೂ ತಾಳೆಯಾದವು. ಕೊನೆಯ ಬಿ ಎಂಬುದು ತುಂಬುವ ಯಂತ್ರದ ಸಾಲನ್ನೋ ಕೆಲಸದ ಪಾಳಿಯನ್ನೋ ಸೂಚಿಸುತ್ತಿರಬೇಕು.

ಈ ತಾಳೆಯಿಂದ ತಿಳಿಯುವುದು ಏನೆಂದರೆ, ಲಾಟ್ ಸಂಖ್ಯೆಯೂ ‘ತಯಾರಿಯ ದಿನಾಂಕ’ವೂ ಚಹಾ ಪ್ಯಾಕೆಟ್ಟಿಗೆ ಇಳಿದ ದಿನದ ದಾಖಲೆಗಳೇ ಹೊರತು ಎಲೆ ಕೊಯ್ದ ದಿನದ ದಾಖಲೆಗಳಲ್ಲ. ಒಂದೇ ಪರಿಸ್ಥಿತಿಯಲ್ಲಿ ತಯಾರಾದ ಅಥವಾ ತುಂಬಿದ ಪ್ಯಾಕೆಟ್ಟುಗಳ ಗುಂಪಿಗೆ ಲಾಟ್ ಎನ್ನುತ್ತಾರೆ. ಏನಾದರೂ ದೋಷ ಕಂಡುಬಂದರೆ ಆ ಗುಂಪನ್ನಷ್ಟೇ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಳ್ಳಲು ಅನುಕೂಲವಾಗಲೆಂದು ಈ ವ್ಯವಸ್ಥೆ. ಅದರಲ್ಲಿ ಬೆಳೆದ ದೇಶವನ್ನು ಸೂಚಿಸಬೇಕೆಂಬ ನಿಯಮ ಇಲ್ಲ. ವರ್ಷ ಮತ್ತು ದಿನ ಬರೆಯುವ ಈ ಕ್ರಮವೂ ರೂಢಿಯೇ ಹೊರತು ಕಟ್ಟುಪಾಡಲ್ಲವಾದ್ದರಿಂದ, ಬೇರೊಂದು ಪ್ಯಾಕೆಟ್ಟಿನ ಲಾಟ್ ಸಂಖ್ಯೆ ಹೀಗೆ ಬಿಡಿಸಲು ಬಾರದಿದ್ದರೆ ಅದರಲ್ಲಿ ಸಂಶಯಪಡುವಂಥದ್ದು ಏನೂ ಇಲ್ಲ. ಎಲ್ ಅಕ್ಷರ ಕಂಡು ಲಂಕಾ ಎಂದೂ, ಸಿ ಕಂಡು ಸಿಲೋನ್ ಎಂದೂ, ಕೆ ಕಂಡು ಕೀನ್ಯಾ ಎಂದೂ ಊಹಿಸುವವರನ್ನು ನಾನು ಕಂಡಿದ್ದೇನೆ. ಆ ಊಹೆಗಳಿಗೆ ಆಧಾರವಿಲ್ಲ.

ಬೆಳೆದ ಜಾಗವನ್ನು ಹೇಳುವ ಲಾಟ್ ಗುರುತು ಬೇರೆಯೇ ಇದೆ, ಅದು ಇರುವುದು ಚೀಲದ ಮೇಲೆ. ತೋಟದ ಕಾರ್ಖಾನೆಯಿಂದ ಹೊರಡುವ ಪ್ರತಿ ಚೀಲದ ಮೇಲೂ ತೋಟದ ಹೆಸರು, ಬಿಓಪಿ ಅಥವಾ ಪೆಕೋ ಎಂಬಂತಹ ದರ್ಜೆ, ಇನ್ವಾಯ್ಸ್ ಸಂಖ್ಯೆ, ತೂಕ, ಆ ಇನ್ವಾಯ್ಸ್‌ನಲ್ಲಿ ಅದು ಎಷ್ಟನೆಯ ಚೀಲ ಎಂಬ ವಿವರಗಳಿರುತ್ತವೆ. ಚಹಾದವರ ಮಾತಿನಲ್ಲಿ ಇನ್ವಾಯ್ಸ್ ಎಂದರೆ ಬಿಲ್ಲು ಮಾತ್ರವಲ್ಲ, ಒಟ್ಟಿಗೆ ತಯಾರಾಗಿ ಒಟ್ಟಿಗೆ ಮಾರಾಟಕ್ಕೆ ಹೋಗುವ ಒಂದು ರಾಶಿಗೂ ಅದೇ ಹೆಸರು. ಹರಾಜಿನ ಪಟ್ಟಿಯಲ್ಲಿ ಆ ರಾಶಿಗೆ ಲಾಟ್ ಸಂಖ್ಯೆ ಸಿಗುತ್ತದೆ. ದುಬೈಯ ಬೆರಕೆದಾರನು ಇಂತಹ ಹತ್ತಾರು ಇನ್ವಾಯ್ಸ್‌ಗಳನ್ನು ಕೊಂಡು ದೊಡ್ಡ ಡ್ರಮ್ಮಿನಲ್ಲಿ ತಿರುಗಿಸಿ ಒಂದು ಮಾಡಿದಾಗ, ಹಳೆಯ ಗುರುತುಗಳೆಲ್ಲ ಅವನ ದಫ್ತರಿಗೆ ಸೇರುತ್ತವೆ, ಪ್ಯಾಕೆಟ್ಟಿನ ಮೇಲೆ ಎಲ್5127ಬಿ ಎಂಬ ಹೊಸ ಗುರುತು ಬರುತ್ತದೆ. ದರ್ಜೆಯ ಅಕ್ಷರಗಳು ಮಾತ್ರ ಕೆಲವೊಮ್ಮೆ ಪ್ಯಾಕೆಟ್ಟಿನವರೆಗೂ ಉಳಿದು ಬರುತ್ತವೆ. ಆದರೆ ಬಿಓಪಿ ಎಂಬ ದರ್ಜೆ ಶ್ರೀಲಂಕಾದಲ್ಲೂ ಇದೆ, ನೀಲಗಿರಿಯಲ್ಲೂ ಇದೆ, ಆದ್ದರಿಂದ ಅದು ದೇಶದ ಸುಳಿವನ್ನು ಕೊಡುವುದಿಲ್ಲ.

ಬಾರ್‌ಕೋಡಿನ ವಿಷಯ ಬೇಗ ಮುಗಿಯುತ್ತದೆ. 890ರಿಂದ ಆರಂಭವಾದರೆ ಭಾರತದ್ದು, 479 ಆದರೆ ಶ್ರೀಲಂಕಾದ್ದು, 629 ಆದರೆ ಯುಎಇಯದು ಎಂದು ವಾಟ್ಸಾಪಿನಲ್ಲಿ ಆಗಾಗ ಓಡಾಡುವ ಪಟ್ಟಿಯ ಅಂಕಿಗಳು ಸರಿಯೇ, ಅದರ ಅರ್ಥವಿವರಣೆ ಸರಿಯಲ್ಲ. ಆ ಮೂರಂಕಿ ಹೇಳುವುದು ಬಾರ್‌ಕೋಡ್ ಸಂಖ್ಯೆಯನ್ನು ಯಾವ ದೇಶದ ಜಿಎಸ್1 ಸಂಸ್ಥೆ ಹಂಚಿತು ಎಂಬುದನ್ನಷ್ಟೇ. ದುಬೈಯಲ್ಲಿ ನೋಂದಣಿಯಾದ ಕಂಪನಿ ಕೊಲಂಬೊದಲ್ಲಿ ಚಹಾ ತುಂಬಿಸಿದರೂ ತನ್ನ 629ರ ಸಂಖ್ಯೆಯನ್ನೇ ಹಾಕಬಹುದು. ಹಾಗಾಗಿ ಬಾರ್‌ಕೋಡ್ ಬೆಳೆದ ದೇಶವನ್ನು ಹೇಳುವುದಿಲ್ಲ, ತುಂಬಿದ ದೇಶವನ್ನು ಸಹ ಖಚಿತವಾಗಿ ಹೇಳುವುದಿಲ್ಲ.

ತಮ್ಮ ಮೂರನೆಯ ಪ್ಯಾಕೆಟ್ಟು ಈ ಮೂರರಲ್ಲಿ ಹೆಚ್ಚು ಆಸಕ್ತಿ ಹುಟ್ಟಿಸುವಂಥದ್ದು. ದಾರ್ಜಿಲಿಂಗ್ ಲಾಂಛನವು ಸಿಂಹದ ಲಾಂಛನಕ್ಕಿಂತ ಬೇರೆ ನಿಯಮದ ಮೇಲೆ ನಿಂತಿದೆ. 1983ರಲ್ಲಿ ರೂಪುಗೊಂಡ, ಭಾರತೀಯ ಚಹಾ ಮಂಡಳಿಯ ಒಡೆತನದಲ್ಲಿರುವ ಆ ಲಾಂಛನದಲ್ಲಿ, ಒಂದು ವೃತ್ತದೊಳಗೆ, ಚಹಾದ ಚಿಗುರು ಹಿಡಿದ ಹೆಣ್ಣಿನ ಪಾರ್ಶ್ವಮುಖವಿದೆ. ಭಾರತದಲ್ಲಿ ಭೌಗೋಳಿಕ ಸೂಚಕ ಕಾಯಿದೆಯ ಅಡಿಯಲ್ಲಿ 2004ರಲ್ಲಿ ಮೊಟ್ಟಮೊದಲು ನೋಂದಣಿಯಾದದ್ದು ಈ ಚಹಾದ ಹೆಸರು ಮತ್ತು ಲಾಂಛನ. ಅದರ ಷರತ್ತುಗಳು ಬೆಳೆದ ಮತ್ತು ತಯಾರಿಸಿದ ಜಾಗಕ್ಕೆ ಸಂಬಂಧಿಸಿವೆ. ದಾರ್ಜಿಲಿಂಗ್ ಬೆಟ್ಟಪ್ರದೇಶದ 87 ತೋಟಗಳಲ್ಲಿ ಬೆಳೆದು, ಅಲ್ಲಿಯ ಕಾರ್ಖಾನೆಗಳಲ್ಲೇ ತಯಾರಾದ ಚಹಾಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಅದನ್ನು ಸಣ್ಣ ಪ್ಯಾಕೆಟ್ಟಿಗೆ ತುಂಬುವವರು ಹ್ಯಾಂಬರ್ಗಿನಲ್ಲೇ ಇರಬಹುದು, ಬೆಂಗಳೂರಿನಲ್ಲೇ ಇರಬಹುದು. ರಫ್ತಾಗುವ ದಾರ್ಜಿಲಿಂಗ್ ಚಹಾದ ಪ್ರತಿ ರವಾನೆಗೂ ಚಹಾ ಮಂಡಳಿಯ ಮೂಲಪ್ರಮಾಣ ಪತ್ರ ಇರುವುದರಿಂದ, ಹ್ಯಾಂಬರ್ಗಿನ ವಿಳಾಸವೊಂದೇ ಸಂಶಯಕ್ಕೆ ಕಾರಣವಾಗಬೇಕಿಲ್ಲ. ಸಿಂಹದ ನಿಯಮವನ್ನು ಇಲ್ಲಿಗೂ ಹಚ್ಚಿ, ಭಾರತದಲ್ಲಿ ತುಂಬದಿದ್ದರೆ ದಾರ್ಜಿಲಿಂಗ್ ಅಲ್ಲ ಎಂದು ತೀರ್ಮಾನಿಸುವುದು ನಾನು ಪದೇ ಪದೇ ಕೇಳುವ ತಪ್ಪು.

ಯುರೋಪಿನಲ್ಲಿ ದಾರ್ಜಿಲಿಂಗ್ ಹೆಸರಿಗೆ 2011ರಲ್ಲಿ ಸಂರಕ್ಷಿತ ಭೌಗೋಳಿಕ ಸೂಚಕದ ಸ್ಥಾನ ಸಿಕ್ಕಿತು. ಅದಕ್ಕೆ ಮೊದಲು ಅಲ್ಲಿ ಇತರ ಚಹಾ ಬೆರೆಸಿದ್ದನ್ನೂ ಇದೇ ಹೆಸರಿನಲ್ಲಿ ಮಾರುತ್ತಿದ್ದರು. ಅಂತಹವರಿಗೆ ಕೊಟ್ಟಿದ್ದ ಐದು ವರ್ಷಗಳ ಕಾಲಾವಕಾಶ 2016ರಲ್ಲಿ ಮುಗಿಯಿತು. ಹಾಗಾಗಿ ಈಗ ಜರ್ಮನಿಯ ಪ್ಯಾಕೆಟ್ಟಿನ ಮೇಲೆ ದಾರ್ಜಿಲಿಂಗ್ ಎಂಬ ಹೆಸರೇ ಕಾನೂನಿನ ತೂಕವುಳ್ಳದ್ದು. ಈ ಸ್ಥಾನದ ಗುರುತಾಗಿ ಅಲ್ಲಿ ನೀಲಿ-ಹಳದಿ ಬಣ್ಣದ ದುಂಡನೆಯ ಮುದ್ರೆ ಇದೆ, ಆದರೆ ಐರೋಪ್ಯ ಒಕ್ಕೂಟದ ಹೊರಗಿನ ದೇಶಗಳ ಪದಾರ್ಥಗಳಿಗೆ ಅದನ್ನು ಹಾಕುವುದು ಕಡ್ಡಾಯವಲ್ಲದ ಕಾರಣ, ತಮ್ಮ ಪ್ಯಾಕೆಟ್ಟಿನಲ್ಲಿ ಅದು ಕಾಣದಿದ್ದರೆ ಚಿಂತಿಸಬೇಕಿಲ್ಲ. ‘ಹಿಮಾಲಯನ್ ಟೀ’, ‘ಹಿಮಾಲಯನ್ ಬ್ಲೆಂಡ್’ ಎಂಬ ಮಾತುಗಳಿಗೆ ಇಂತಹ ರಕ್ಷಣೆ ಇಲ್ಲ. ದಾರ್ಜಿಲಿಂಗಿನ ಗಡಿಗೆ ತಾಗಿಯೇ ನೇಪಾಳದ ಇಲಾಂ ಜಿಲ್ಲೆ ಇದೆ. ಅಲ್ಲಿಯ ಗಿಡ, ಎತ್ತರ, ತಯಾರಿಯ ಕ್ರಮ ಎಲ್ಲವೂ ದಾರ್ಜಿಲಿಂಗಿನವನ್ನೇ ಹೋಲುತ್ತವೆ. ಆ ಚಹಾ ಒಳ್ಳೆಯದೇ, ಅದನ್ನು ದಾರ್ಜಿಲಿಂಗ್ ಎಂದು ಮಾರುವುದು ಮಾತ್ರ ಮೋಸ. ನಮ್ಮ ದೇಶದೊಳಗೆ ಬಿಡಿಯಾಗಿ ಮಾರುವ ದಾರ್ಜಿಲಿಂಗ್ ಚಹಾದಲ್ಲಿ ಈ ಮೋಸದ ದೂರು ಬಹಳ ಕಾಲದಿಂದ ಇದೆ. ನಾಲಿಗೆಯ ರುಚಿಯಿಂದ ಇದನ್ನು ಪತ್ತೆಹಚ್ಚುವುದು ನುರಿತವರಿಗೂ ಕಷ್ಟವಾದ್ದರಿಂದಲೇ ಇಲ್ಲಿ ಲಾಂಛನಕ್ಕೂ ಇನ್ವಾಯ್ಸ್‌ಗೂ ಇಷ್ಟು ಮಹತ್ವ.

ತೋಟದ ಇನ್ವಾಯ್ಸ್ ಸಂಖ್ಯೆ ಗ್ರಾಹಕರ ಪ್ಯಾಕೆಟ್ಟಿನವರೆಗೂ ಬಂದು ಮುಟ್ಟುವ ಅಪರೂಪದ ಉದಾಹರಣೆಯೂ ದಾರ್ಜಿಲಿಂಗಿನಲ್ಲೇ ಸಿಗುತ್ತದೆ. ಒಂದೇ ತೋಟದ ಚಹಾವೆಂದು ಮಾರುವ ದುಬಾರಿ ಪ್ಯಾಕೆಟ್ಟುಗಳಲ್ಲಿ ತೋಟದ ಹೆಸರಿನ ಜೊತೆಗೆ ಡಿಜೆ-1, ಡಿಜೆ-108 ಎಂಬಂತಹ ಗುರುತು ಇರುತ್ತದೆ. ಡಿಜೆ ಎಂಬುದು ದಾರ್ಜಿಲಿಂಗಿನ ಸಂಕ್ಷೇಪ, ಮುಂದಿನ ಅಂಕಿ ಆ ತೋಟದಲ್ಲಿ ಆ ವರ್ಷ ತಯಾರಾದ ಎಷ್ಟನೆಯ ಇನ್ವಾಯ್ಸ್ ಎಂಬುದು. ಚಳಿ ಕಳೆದು ಮೊದಲ ಚಿಗುರು ಬರುವ ಹೊತ್ತಿಗೆ ಎಣಿಕೆ ಒಂದರಿಂದ ಆರಂಭವಾಗಿ ವರ್ಷದ ಕೊನೆಯವರೆಗೆ ಏರುತ್ತಾ ಹೋಗುತ್ತದೆ. ಆದ್ದರಿಂದ ಈ ಅಂಕಿಯನ್ನು ಪ್ಯಾಕೆಟ್ಟಿನ ಮೇಲೆ ಹೇಳಿರುವ ಕೊಯ್ಲಿನೊಂದಿಗೆ ತಾಳೆ ನೋಡಬಹುದು. ಮಾರ್ಚಿ-ಏಪ್ರಿಲಿನ ಮೊದಲ ಫ್ಲಷ್‌ಗೆ, ಅಂದರೆ ಮೊದಲ ಸುತ್ತಿನ ಚಿಗುರಿಗೆ, ಸಣ್ಣ ಅಂಕಿಯೂ, ಮೇ ತಿಂಗಳ ನಡುವಿನಿಂದ ಜೂನ್‌ವರೆಗಿನ ಎರಡನೆಯ ಫ್ಲಷ್‌ಗೆ ದೊಡ್ಡ ಅಂಕಿಯೂ ಸಹಜ. ಎರಡನೆಯ ಫ್ಲಷ್ ಎಂದು ಬರೆದು ಡಿಜೆ-4 ಎಂದು ಹಾಕಿದ್ದರೆ ಎಲ್ಲೋ ತಪ್ಪಿದೆ. ತೋಟ ಚಿಕ್ಕದಾದಷ್ಟೂ ಅಂಕಿಗಳು ನಿಧಾನವಾಗಿ ಏರುವುದರಿಂದ, 60 ಅಥವಾ 70ರಂತಹ ನಡುವಿನ ಅಂಕಿಗಳ ಆಧಾರದ ಮೇಲೆ ಮಾತ್ರ ತೀರ್ಪು ಕೊಡಬೇಡಿ. ಗುರುತಿನ ಜೊತೆ ವರ್ಷವೂ ಇರಬೇಕು, ಏಕೆಂದರೆ ಎಣಿಕೆ ಪ್ರತಿ ವರ್ಷ ಹೊಸದಾಗಿ ಆರಂಭವಾಗುತ್ತದೆ. ವರ್ಷವಿಲ್ಲದ ಡಿಜೆ ಸಂಖ್ಯೆಯಿಂದ ಯಾವ ರಾಶಿ ಎಂದು ತಿಳಿಯುವುದಿಲ್ಲ. ಇಂತಹ ಪ್ಯಾಕೆಟ್ಟಿನಲ್ಲಿ ಡಿಜೆ ಗುರುತು ಮುಂಭಾಗದಲ್ಲೂ, ಹ್ಯಾಂಬರ್ಗಿನವರು ಹಾಕಿದ ಎಲ್ ಅಕ್ಷರದ ಲಾಟ್ ಸಂಖ್ಯೆ ತಳದಲ್ಲೋ ಬೆನ್ನಿನಲ್ಲೋ ಇರುತ್ತದೆ. ಮೊದಲಿನದು ತೋಟದ್ದು, ಎರಡನೆಯದು ತುಂಬಿದವರದು, ಎರಡನ್ನೂ ಬೆರೆಸಿಕೊಳ್ಳಬಾರದು.

ಮಗಳು ಕಳಿಸಿದ್ದು ಸಾವಯವ ಚಹಾ ಆಗಿದ್ದರೆ ಇನ್ನೂ ಒಂದು ಅನುಕೂಲವಿದೆ. ಹಸಿರು ಹಿನ್ನೆಲೆಯಲ್ಲಿ ನಕ್ಷತ್ರಗಳಿಂದ ಎಲೆಯ ಆಕಾರ ಬರೆದಿರುವ ಐರೋಪ್ಯ ಸಾವಯವ ಲಾಂಛನದ ಹತ್ತಿರ ಎರಡು ಸಣ್ಣ ಸಾಲುಗಳಿರುತ್ತವೆ. ಒಂದು ಸಾಲು ಡಿಇ-ಓಕೋ ಎಂದು ಆರಂಭವಾಗುವ ಸಂಕೇತ. ಕೊನೆಯ ಹಂತದ ಕೆಲಸ ಮಾಡಿದವರನ್ನು, ಚಹಾದ ವಿಷಯದಲ್ಲಿ ಸಾಮಾನ್ಯವಾಗಿ ತುಂಬಿದವರನ್ನು, ಪರಿಶೀಲಿಸುವ ಸಂಸ್ಥೆಯ ಸಂಖ್ಯೆ ಅದು. ಅದರಲ್ಲಿ ಡಿಇ ಇರುವುದರಿಂದ ಜರ್ಮನಿ. ಇನ್ನೊಂದು ಸಾಲು ಬೇಸಾಯ ನಡೆದ ಜಾಗವನ್ನು ಹೇಳುತ್ತದೆ. ಅಲ್ಲಿ ‘ಐರೋಪ್ಯ ಒಕ್ಕೂಟದ ಹೊರಗಿನ ಬೇಸಾಯ’ ಎಂಬ ಅರ್ಥದ ಜರ್ಮನ್ ಮಾತು ಇರುತ್ತದೆ, ಇಲ್ಲವೇ ಕಚ್ಚಾ ಪದಾರ್ಥ ಒಂದೇ ದೇಶದ್ದಾಗಿದ್ದರೆ ಆ ದೇಶದ ಹೆಸರನ್ನೇ ಹಾಕಬಹುದು. ಬೆಳೆದ ದೇಶವೂ ತುಂಬಿದ ದೇಶವೂ ಎರಡು ಬೇರೆ ಸಾಲುಗಳಲ್ಲಿ ಇಷ್ಟು ಸ್ಪಷ್ಟವಾಗಿ ಸಿಗುವುದು ಸಾವಯವವಲ್ಲದ ಚಹಾದಲ್ಲಿ ಕಡಿಮೆ. ಕಪ್ಪೆಯ ಚಿತ್ರದ ರೇನ್‌ಫಾರೆಸ್ಟ್ ಅಲಯನ್ಸ್ ಮುದ್ರೆಯಿಂದ ಇಂತಹ ಮಾಹಿತಿ ಸಿಗುವುದಿಲ್ಲ. ಅದು ಬೇಸಾಯದ ರೀತಿಯನ್ನು ಕುರಿತದ್ದು, ಹಲವು ದೇಶಗಳ ತೋಟಗಳಿಗೆ ಸಲ್ಲುವಂಥದ್ದು.

ಇದೇ ವಿವೇಚನೆ ನಮ್ಮೂರಿನ ಅಂಗಡಿಯ ಚಹಾ ಪುಡಿಗೂ ಸಲ್ಲುತ್ತದೆ. ಚಿಕ್ಕಮಗಳೂರು, ಕೊಡಗು, ಹಾಸನದ ಕಡೆ ಚಹಾ ತೋಟಗಳಿದ್ದರೂ ಕರ್ನಾಟಕದ ಬೆಳೆ ತೀರಾ ಸ್ವಲ್ಪ. ಬೆಂಗಳೂರಿನ ವಿಳಾಸವಿರುವ ಡಸ್ಟ್ ಚಹಾದ ಪ್ಯಾಕೆಟ್ಟುಗಳಲ್ಲಿ ಹೆಚ್ಚಿನವು ಅಸ್ಸಾಂ, ನೀಲಗಿರಿ ಮುಂತಾದ ಕಡೆಗಳ, ಎಲೆಯನ್ನು ಯಂತ್ರದಲ್ಲಿ ಕತ್ತರಿಸಿ ಹರಳಾಗಿಸಿದ ಸಿಟಿಸಿ ಚಹಾದ ಬೆರಕೆಗಳು. ಎಫ್‌ಎಸ್‌ಎಸ್‌ಎಐ ಪರವಾನಗಿಯ ಹದಿನಾಲ್ಕು ಅಂಕಿಗಳು 112ರಿಂದ ಆರಂಭವಾದರೆ ಪರವಾನಗಿ ಕರ್ನಾಟಕದ್ದು ಎಂದು ಅರ್ಥ, ಎಲೆ ಕರ್ನಾಟಕದ್ದು ಎಂದಲ್ಲ. ಅಸ್ಸಾಂ ಮತ್ತು ನೀಲಗಿರಿ ಹೆಸರುಗಳಿಗೆ ಸಿಕ್ಕಿರುವ ಭೌಗೋಳಿಕ ಸೂಚಕಗಳು ಎಲೆಯನ್ನು ಹೊಸೆದು ಮಾಡುವ ಆರ್ಥೊಡಾಕ್ಸ್ ಚಹಾಕ್ಕೆ ಸೇರಿದವಾದ್ದರಿಂದ, ನಮ್ಮ ದಿನನಿತ್ಯದ ಸಿಟಿಸಿ ಪುಡಿಯ ಮೇಲೆ ಆ ಲಾಂಛನಗಳನ್ನು ಹುಡುಕಿ ಪ್ರಯೋಜನವಿಲ್ಲ.

ಉಳಿಯುವುದು ತಮ್ಮ ಯುಎಇ ಪ್ಯಾಕೆಟ್ಟಿನ ಸಂಶಯ. ಅದನ್ನು ಬಿಡಿಸಬಲ್ಲವರು ತುಂಬಿದವರು ಮಾತ್ರ, ಮತ್ತು ಲಾಟ್ ಸಂಖ್ಯೆ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಎಲ್5127ಬಿ ಎಂಬುದಕ್ಕೆ ಎದುರಾಗಿ ಅವರ ದಾಖಲೆಯಲ್ಲಿ ಆ ದಿನ ಡ್ರಮ್ಮಿಗೆ ಸುರಿದ ಪ್ರತಿಯೊಂದು ಇನ್ವಾಯ್ಸ್ ಬರೆದಿರಬೇಕು. ಪ್ಯಾಕೆಟ್ಟಿನ ಮೇಲಿರುವ ಇಮೇಲ್ ವಿಳಾಸಕ್ಕೆ ಲಾಟ್ ಸಂಖ್ಯೆ, ದಿನಾಂಕ ಮತ್ತು ಹಿಂಭಾಗದ ಫೋಟೋ ಕಳಿಸಿ, ‘ನಿಮ್ಮ ಚಹಾ ಎಲ್ಲಿಯದು’ ಎಂದು ಕೇಳುವ ಬದಲು, ‘ಈ ಲಾಟ್‌ನಲ್ಲಿ ಶ್ರೀಲಂಕಾದ ಹೊರಗೆ ಬೆಳೆದ ಚಹಾ ಸೇರಿದೆಯೇ’ ಎಂದು ಕೇಳಿ. ಮೊದಲಿನ ಪ್ರಶ್ನೆಗೆ ‘ಅತ್ಯುತ್ತಮ ತೋಟಗಳದು’ ಎಂಬ ಸಿದ್ಧ ಉತ್ತರ ಬರುತ್ತದೆ. ಎರಡನೆಯದಕ್ಕೆ ಹೌದು ಅಥವಾ ಇಲ್ಲ ಎನ್ನಬೇಕಾಗುತ್ತದೆ. ತೋಟಗಳ ಹೆಸರನ್ನು ಅವರು ವ್ಯಾಪಾರದ ಗುಟ್ಟೆಂದು ಹೇಳದಿರಬಹುದು, ಅದು ಅವರ ಹಕ್ಕು. ‘ಪ್ಯೂರ್ ಸಿಲೋನ್ ಟೀ’ ಎಂದು ತಾವೇ ಅಚ್ಚು ಹಾಕಿಸಿದವರು ಈ ಒಂದು ಪ್ರಶ್ನೆಗೆ ಲಿಖಿತವಾಗಿ ‘ಇಲ್ಲ’ ಎನ್ನಲು ಹಿಂಜರಿದರೆ, ಆ ಪ್ಯಾಕೆಟ್ಟನ್ನು ದುಬೈಯ ಬೆರಕೆ ಚಹಾ ಎಂದುಕೊಂಡೇ ಕುಡಿಯಿರಿ. ಮುಂದಿನ ಸಲ ಅಣ್ಣನವರಿಗೆ ಕತ್ತಿ ಹಿಡಿದ ಸಿಂಹದ್ದನ್ನೇ ತರಲು ಹೇಳಿ.